ಒಂದು ಟಿಕೆಟ್, ನಾಲ್ಕು ಕಿಸೆ

ಟಿ.ಎ. ಬಿಲ್ಲಿಗೆ ಪಿನ್ ಮಾಡಿದ್ದ ಹಾಳೆಯಲ್ಲಿ ಇದ್ದದ್ದು ಮೊಬೈಲಿನ ಒಂದು ಸ್ಕ್ರೀನ್‌ಶಾಟ್, ಅದೂ ಕಪ್ಪು ಬಿಳುಪಿನ ಪ್ರಿಂಟ್. ನಾನು ಕಾಲೇಜೊಂದರ ಲೆಕ್ಕಪತ್ರ ವಿಭಾಗದಲ್ಲಿ ಪ್ರಯಾಣ ಭತ್ಯೆಯ ಬಿಲ್ಲುಗಳನ್ನು ನೋಡುತ್ತಿದ್ದ ಕಾಲ ಅದು. ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದು, ಅಲ್ಲಿಂದ ವಿಮಾನದಲ್ಲಿ ದೆಹಲಿಗೆ ಹೋಗಿ ವಿಚಾರ ಸಂಕಿರಣದಲ್ಲಿ ಪ್ರಬಂಧ ಮಂಡಿಸಿದ್ದ ಅಧ್ಯಾಪಕಿಯೊಬ್ಬರ ಬಿಲ್ಲು. ಫಾರಂನಲ್ಲಿ ಅವರು ಬರೆದದ್ದು ಒಂದೇ ಸಾಲು: ವಿಮಾನ ದರ 5,942 ರೂಪಾಯಿ. ಅದರ ಮೇಲೆ ಕೇಸ್ ವರ್ಕರ್ ಕೆಂಪು ಶಾಯಿಯಲ್ಲಿ ಶರಾ ಹಾಕಿದ್ದರು: 'ಮೂಲ ದರ, ತೆರಿಗೆ, ಇತರೆ ಶುಲ್ಕ ಪ್ರತ್ಯೇಕಿಸಿ ಮರುಸಲ್ಲಿಸಿ.'

"ಸರ್, ನಾನು ಕೊಟ್ಟಿದ್ದು ಅಷ್ಟೇ ದುಡ್ಡು. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲೂ ಅಷ್ಟೇ ಇದೆ. ಇನ್ನೇನು ಬಿಡಿಸಿ ಹೇಳಲಿ?" ಎಂದು ಅವರು ನನ್ನ ಮೇಜಿನ ಮುಂದೆ ಬಂದು ಕೂತರು. ಅವರ ಮಾತು ಸುಳ್ಳಲ್ಲ. ಆದರೆ ಆ 5,942 ರೂಪಾಯಿ ಹೋಗಿ ಬಿದ್ದದ್ದು ಒಂದೇ ಕಿಸೆಗಲ್ಲ. ವಿಮಾನ ಕಂಪನಿಗೆ ಒಂದು ಪಾಲು, ವಿಮಾನ ನಿಲ್ದಾಣದ ಬಾಬತ್ತಿಗೆ ಒಂದು ಪಾಲು, ಸರ್ಕಾರದ ತೆರಿಗೆ ಒಂದು ಪಾಲು, ಟಿಕೆಟ್ ಮಾರಿದ ಆ್ಯಪ್‌ಗೆ ಒಂದು ಪಾಲು. ಕಚೇರಿಯ ನಿಯಮ ಪ್ರತಿ ಪಾಲಿಗೂ ಬೇರೆ ಬೇರೆ ಇರುತ್ತದೆ. ಟಿಕೆಟಿನ ಚಿತ್ರವನ್ನು ಓದುವಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದೊಂದೇ: ಈ ಸಾಲಿನ ದುಡ್ಡು ಕೊನೆಗೆ ಯಾರ ಕೈಸೇರುತ್ತದೆ? ಸಾಲಿನ ಹೆಸರು ಏನೇ ಇರಲಿ, ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಅದನ್ನು ಯಾವ ಕಲಮಿನಲ್ಲಿ ಬರೆಯಬೇಕೆಂಬುದು ತಾನಾಗಿ ತಿಳಿಯುತ್ತದೆ.

ಅಂದು ನಾವಿಬ್ಬರೂ ಕೂತು ಬಿಡಿಸಿದ ಲೆಕ್ಕವನ್ನೇ ಇಲ್ಲಿ ಹೇಳುತ್ತೇನೆ. ಕೂಡಿ ಕಳೆಯಲು ಸುಲಭವಾಗಲೆಂದು ಅಂಕಿಗಳನ್ನು ಸ್ವಲ್ಪ ಬದಲಿಸಿದ್ದೇನೆ, ಲೆಕ್ಕದ ಕ್ರಮ ಮಾತ್ರ ಅದೇ.

ಸ್ಕ್ರೀನ್‌ಶಾಟಿನಲ್ಲಿ ಇದ್ದದ್ದು ಇಷ್ಟು:

```
Base Fare             4,260
Taxes & Surcharges    1,529
Convenience Fee         354
Travel Insurance        199
Discount               -400
Total                 5,942
```

ಮೊದಲ ನೋಟಕ್ಕೆ ಎಲ್ಲವೂ ಬಿಡಿಸಿಯೇ ಇದೆ ಅನ್ನಿಸುತ್ತದೆ. ಹೆಚ್ಚಿನವರು ಎಡವುವುದೂ ಇಲ್ಲೇ. ಎರಡನೇ ಸಾಲು ನೋಡಿ, 1,529 ರೂಪಾಯಿಯನ್ನು ತೆರಿಗೆ ಎಂದು ಫಾರಂನಲ್ಲಿ ಬರೆದುಬಿಡುತ್ತಾರೆ. 4,260 ರೂಪಾಯಿಗೆ 1,529 ತೆರಿಗೆ ಎಂದರೆ ಸುಮಾರು ಶೇ 36 ಆಯಿತು. ನಮ್ಮ ದೇಶದಲ್ಲಿ ಎಕಾನಮಿ ದರ್ಜೆಯ ವಿಮಾನ ಟಿಕೆಟ್ಟಿಗೆ ಜಿಎಸ್‌ಟಿ ಇರುವುದು ಶೇ 5 ಮಾತ್ರ. ಎಕಾನಮಿಗಿಂತ ಮೇಲಿನ ದರ್ಜೆಗಳಿಗೆ ಶೇ 12 ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ 18 ಆಗಿದೆ. ಯಾವ ದರ್ಜೆಗೂ ಶೇ 36 ಇಲ್ಲ. ಅಂದಮೇಲೆ ಆ ಸಾಲಿನಲ್ಲಿ ತೆರಿಗೆಯಲ್ಲದ್ದು ಬಹಳಷ್ಟು ಸೇರಿಕೊಂಡಿದೆ.

ಏನೇನು ಸೇರಿದೆ ಎಂಬುದು ಆ್ಯಪಿನ ಸ್ಕ್ರೀನ್‌ಶಾಟಿನಲ್ಲಿ ಸಿಗುವುದಿಲ್ಲ. ಅದಕ್ಕೆ ವಿಮಾನ ಕಂಪನಿಯೇ ಕೊಡುವ ಜಿಎಸ್‌ಟಿ ಇನ್‌ವಾಯ್ಸ್ ಬೇಕು. ಆ್ಯಪ್ ಇಮೇಲ್ ಮಾಡುವ ಇ-ಟಿಕೆಟ್ ಬೇರೆ, ಈ ಇನ್‌ವಾಯ್ಸ್ ಬೇರೆ. ಕಂಪನಿಯ ಜಾಲತಾಣಕ್ಕೆ ಹೋಗಿ, ಆರು ಅಕ್ಷರದ ಪಿಎನ್‌ಆರ್ ಜೊತೆಗೆ ಇಮೇಲ್ ವಿಳಾಸವನ್ನೋ ಪ್ರಯಾಣಿಕರ ಹೆಸರನ್ನೋ ಕೊಟ್ಟು ಇಳಿಸಿಕೊಳ್ಳಬಹುದು. ನಮ್ಮ ಅಧ್ಯಾಪಕಿಗೆ ಅಂಥದ್ದೊಂದು ಇದೆ ಎಂಬುದೇ ಗೊತ್ತಿರಲಿಲ್ಲ. ಅಲ್ಲೇ ಕೂತು ಇಳಿಸಿಕೊಂಡೆವು.

ಆ ಹಾಳೆಯಲ್ಲಿ ಎರಡು ಮುಖ್ಯ ಸಾಲುಗಳು. ಮೊದಲನೆಯದು ವಿಮಾನ ಪ್ರಯಾಣ ಮತ್ತು ಸಂಬಂಧಿತ ಶುಲ್ಕ: ತೆರಿಗೆಗೆ ಒಳಪಡುವ ಮೌಲ್ಯ 4,860, ಜಿಎಸ್‌ಟಿ 243. ಎರಡನೆಯದು ವಿಮಾನ ನಿಲ್ದಾಣ ಶುಲ್ಕ: 686, ತೆರಿಗೆಯ ಕಲಮು ಖಾಲಿ. ಇ-ಟಿಕೆಟಿನ ಎರಡನೇ ಪುಟದಲ್ಲಿ ಇದರದೇ ಬಿಡಿ ವಿವರ ಕೋಡುಗಳ ರೂಪದಲ್ಲಿ ಸಿಕ್ಕಿತು.

```
YQ   600
K3   243
P2   236
IN   450
```

ಈ ಎರಡಕ್ಷರದ ಕೋಡುಗಳನ್ನು ಒಮ್ಮೆ ಪರಿಚಯ ಮಾಡಿಕೊಂಡರೆ ಮುಂದೆ ಯಾವ ಟಿಕೆಟ್ಟೂ ಕಷ್ಟವಾಗದು. YQ ಅಥವಾ YR ಎಂದಿದ್ದರೆ ಅದು ವಿಮಾನ ಕಂಪನಿಯೇ ಹಾಕುವ ಇಂಧನ ಶುಲ್ಕ ಅಥವಾ ಅಂಥದೇ ಹೆಚ್ಚುವರಿ ಶುಲ್ಕ. ತೆರಿಗೆಯ ಪಟ್ಟಿಯಲ್ಲಿ ಕೂತಿದ್ದರೂ ಅದು ತೆರಿಗೆಯಲ್ಲ. ಆ ದುಡ್ಡು ಕಂಪನಿಗೇ ಹೋಗುತ್ತದೆ, ಹಾಗಾಗಿ ಪ್ರಯಾಣ ದರದ ಭಾಗ. K3 ಎಂಬುದು ಭಾರತದ ಜಿಎಸ್‌ಟಿ. P2 ಎಂದರೆ ವಿಮಾನಯಾನ ಭದ್ರತಾ ಶುಲ್ಕ. ದೇಶದೊಳಗಿನ ಪ್ರಯಾಣಕ್ಕೆ ಇದನ್ನು 2021ರ ಏಪ್ರಿಲ್‌ನಿಂದ 200 ರೂಪಾಯಿ ಮಾಡಿದರು, ಅದಕ್ಕೆ ಶೇ 18 ಜಿಎಸ್‌ಟಿ ಸೇರಿ ಟಿಕೆಟಿನಲ್ಲಿ 236 ಎಂದು ಕಾಣುತ್ತದೆ. IN ಎಂದರೆ ಬಳಕೆದಾರರ ಅಭಿವೃದ್ಧಿ ಶುಲ್ಕ, ಜನ ಯುಡಿಎಫ್ ಎನ್ನುವುದು ಇದಕ್ಕೇ. ಇದು ನಿಲ್ದಾಣದಿಂದ ನಿಲ್ದಾಣಕ್ಕೆ ಬದಲಾಗುತ್ತದೆ.

ನಿಲ್ದಾಣದ 686 ರೂಪಾಯಿಗೆ ವಿಮಾನ ಕಂಪನಿ ಏಕೆ ತೆರಿಗೆ ಹಾಕಲಿಲ್ಲ ಎಂದು ಆ ಅಧ್ಯಾಪಕಿ ಕೇಳಿದರು. ಒಳ್ಳೆಯ ಪ್ರಶ್ನೆ. ಕಂಪನಿ ಆ ದುಡ್ಡನ್ನು ನಮ್ಮಿಂದ ಇಸಿದುಕೊಂಡು ಹಾಗೇ ಮುಂದಕ್ಕೆ ದಾಟಿಸುತ್ತದೆ, ಅದು ಕಂಪನಿಯ ಆದಾಯವಲ್ಲ. ಅದರ ಮೇಲಿನ ಜಿಎಸ್‌ಟಿ ಆ ಶುಲ್ಕದೊಳಗೆ ಮೊದಲೇ ಸೇರಿರುತ್ತದೆ. ಆದ್ದರಿಂದ ಕಂಪನಿ ಶೇ 5 ಲೆಕ್ಕ ಹಾಕುವುದು ತನ್ನ ಸ್ವಂತ ದರದ ಮೇಲೆ ಮಾತ್ರ, ಅಂದರೆ ಮೂಲ ದರ 4,260 ಮತ್ತು ಇಂಧನ ಶುಲ್ಕ 600 ಸೇರಿದ 4,860ರ ಮೇಲೆ. ಈ ಒಂದು ಸಂಗತಿ ಮಸುಕು ಚಿತ್ರ ಓದುವವರಿಗೆ ದೊಡ್ಡ ಆಸರೆ.

ಹೇಗೆಂದರೆ, ಸ್ಕ್ರೀನ್‌ಶಾಟನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಿ, ಪ್ರಿಂಟ್ ತೆಗೆದು, ಅದನ್ನು ಮತ್ತೆ ಸ್ಕ್ಯಾನ್ ಮಾಡಿದರೆ 3 ಮತ್ತು 8, 5 ಮತ್ತು 6, 1 ಮತ್ತು 7 ಒಂದೇ ತರಹ ಕಾಣತೊಡಗುತ್ತವೆ. ಫೋಟೊದಿಂದ ಅಂಕಿ ಎತ್ತುವ ಆ್ಯಪುಗಳು ₹ ಚಿಹ್ನೆಯನ್ನೇ 7 ಎಂದೋ 2 ಎಂದೋ ಓದಿ ಮೊತ್ತದ ಹಿಂದೆ ಒಂದು ಅಂಕಿ ಸೇರಿಸುವುದೂ ಉಂಟು. ಆಗ ಕಣ್ಣನ್ನು ನಂಬುವ ಬದಲು ಲೆಕ್ಕವನ್ನು ನಂಬಬೇಕು. ಜಿಎಸ್‌ಟಿ ಮೊತ್ತವನ್ನು 20ರಿಂದ ಗುಣಿಸಿ. 243 × 20 = 4,860. ಮೂಲ ದರ ಮತ್ತು ಇಂಧನ ಶುಲ್ಕ ಕೂಡಿದರೂ 4,860. ತಾಳೆಯಾಯಿತು. ಅದೇ 243ನ್ನು ನಾನು 248 ಎಂದು ಓದಿದ್ದರೆ 4,960 ಬರುತ್ತಿತ್ತು, ನೂರು ರೂಪಾಯಿ ವ್ಯತ್ಯಾಸ ಅಲ್ಲೇ ಬಾಯಿಬಿಡುತ್ತಿತ್ತು.

ಈ ತಾಳೆಗೂ ಒಂದು ಮಿತಿ ಇದೆ. ಜಿಎಸ್‌ಟಿಯನ್ನು ಟಿಕೆಟಿನಲ್ಲಿ ಪೂರ್ತಿ ರೂಪಾಯಿಗೆ ಸರಿಹೊಂದಿಸಿ ತೋರಿಸುವುದರಿಂದ ಸುಮಾರು 20 ರೂಪಾಯಿಯೊಳಗಿನ ತಪ್ಪು ಇದರ ಕಣ್ಣಿಗೆ ಬೀಳದೆ ಹೋಗಬಹುದು. ಮೂಲ ದರವನ್ನು 4,260ರ ಬದಲು 4,250 ಎಂದು ಓದಿದೆ ಎನ್ನಿ. 4,850ಕ್ಕೆ ಶೇ 5 ಎಂದರೆ 242.50, ಸರಿಹೊಂದಿಸಿದರೆ ಅದೂ 243. ತಪ್ಪು ಓದಿದರೂ ಲೆಕ್ಕ ಕೂಡಿಬಂದಂತೆ ತೋರುತ್ತದೆ. ಅದಕ್ಕಾಗಿ ಎರಡನೇ ತಾಳೆ ಬೇಕೇ ಬೇಕು: ಎಲ್ಲ ಸಾಲು ಕೂಡಿ ಕಳೆದರೆ ಕೆಳಗಿನ ಒಟ್ಟು ಮೊತ್ತ ಬರಬೇಕು. 4,260 + 1,529 + 354 + 199 − 400 = 5,942. ಇಲ್ಲಿ 4,250 ಇಟ್ಟರೆ 5,932 ಬರುತ್ತದೆ, ಬ್ಯಾಂಕ್ ಸ್ಟೇಟ್‌ಮೆಂಟ್ ಒಪ್ಪುವುದಿಲ್ಲ. ಎರಡೂ ತಾಳೆಯಾದಾಗ ಮಾತ್ರ ನಾನು ಪೆನ್ನು ಎತ್ತುತ್ತೇನೆ.

ಕೆಲವು ಇನ್‌ವಾಯ್ಸ್‌ಗಳಲ್ಲಿ ಜಿಎಸ್‌ಟಿ ಒಂದೇ ಸಾಲಿನಲ್ಲಿ ಐಜಿಎಸ್‌ಟಿ ಎಂದಿರುತ್ತದೆ. ಕೆಲವದರಲ್ಲಿ ಸಿಜಿಎಸ್‌ಟಿ 121.50, ಎಸ್‌ಜಿಎಸ್‌ಟಿ 121.50 ಎಂದು ಎರಡು ಹೋಳಾಗಿರುತ್ತದೆ. ಚಿತ್ರದ ಬಲ ಅಂಚು ಕತ್ತರಿಸಿಹೋಗಿದ್ದರೆ ಒಂದು ಹೋಳು ಮಾತ್ರ ಕಾಣುತ್ತದೆ, ತೆರಿಗೆ ಅರ್ಧವಾಗುತ್ತದೆ. 121.50 × 20 = 2,430, ದರದ ಸರಿಯಾಗಿ ಅರ್ಧ. ಹಾಗೆ ಅರ್ಧ ಬಂತೆಂದರೆ ಕಾಣದ ಇನ್ನೊಂದು ಹೋಳನ್ನು ಹುಡುಕಬೇಕು.

ಇನ್ನು ಕನ್ವೀನಿಯನ್ಸ್ ಫೀ. 354 ರೂಪಾಯಿ. ಇದು ವಿಮಾನ ಕಂಪನಿಯ ಇನ್‌ವಾಯ್ಸಿನಲ್ಲಿ ಎಲ್ಲೂ ಇರಲಿಲ್ಲ. ಇರುವುದೂ ಇಲ್ಲ, ಏಕೆಂದರೆ ಅದನ್ನು ತೆಗೆದುಕೊಂಡದ್ದು ಆ್ಯಪ್. ಅದು ಪ್ರಯಾಣದ ಬೆಲೆಯಲ್ಲ, ಟಿಕೆಟ್ ಕಾದಿರಿಸಿಕೊಟ್ಟ ಸೇವೆಯ ಬೆಲೆ. ಅದಕ್ಕೆ ಆ್ಯಪ್ ತನ್ನದೇ ಬೇರೆ ಇನ್‌ವಾಯ್ಸ್ ಕೊಡುತ್ತದೆ, ತೆರಿಗೆಯೂ ಶೇ 5 ಅಲ್ಲ, ಶೇ 18. 354ನ್ನು 1.18ರಿಂದ ಭಾಗಿಸಿದರೆ ಸರಿಯಾಗಿ 300 ಬರುತ್ತದೆ, ಉಳಿದ 54 ಜಿಎಸ್‌ಟಿ. ಹೀಗೆ ದುಂಡು ಸಂಖ್ಯೆ ಬಂದರೆ ಕಾಣುತ್ತಿರುವ ಮೊತ್ತದಲ್ಲಿ ತೆರಿಗೆ ಸೇರಿದೆ ಎಂದೂ ಅಂಕಿಯನ್ನು ಸರಿಯಾಗಿ ಓದಿದ್ದೇವೆ ಎಂದೂ ಸಾಮಾನ್ಯವಾಗಿ ಭಾವಿಸಬಹುದು. ಸಂಶಯವಿದ್ದರೆ ಇನ್‌ವಾಯ್ಸಿನ ಸೇವಾ ಕೋಡ್ ನೋಡಿ. 9964ರಿಂದ ಶುರುವಾದರೆ ಪ್ರಯಾಣಿಕರ ಸಾಗಣೆ, 9985ರಿಂದ ಶುರುವಾದರೆ ಬುಕಿಂಗ್‌ನಂಥ ಸೇವೆ. ಸಾಲಿನ ಹೆಸರನ್ನು ಆ್ಯಪ್‌ಗಳು ಸರ್ವಿಸ್ ಫೀ, ಪ್ಲಾಟ್‌ಫಾರ್ಮ್ ಫೀ ಎಂದು ಬೇರೆ ಬೇರೆ ಇಟ್ಟಿರುತ್ತವೆ. ಹೆಸರಿಗಿಂತ ಕೋಡನ್ನೇ ನಂಬುವುದು ಮೇಲು.

ಈ ಶುಲ್ಕವನ್ನು ಕಚೇರಿ ಕೊಡುತ್ತದೆಯೇ ಎಂಬುದು ಆಯಾ ಸಂಸ್ಥೆಯ ನಿಯಮಕ್ಕೆ ಬಿಟ್ಟದ್ದು. ಎಲ್ಲಿ ಬುಕ್ ಮಾಡಿದಿರಿ ಎಂಬುದೇ ಮುಖ್ಯವಾಗುವ ಕಡೆಗಳೂ ಇವೆ. ಕೇಂದ್ರ ಸರ್ಕಾರದ ಖರ್ಚಿನಲ್ಲಿ ವಿಮಾನದಲ್ಲಿ ಹೋಗುವವರು ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್ ಮತ್ತು ಐಆರ್‌ಸಿಟಿಸಿ, ಈ ಮೂರರಲ್ಲಿ ಒಂದರ ಮೂಲಕವೇ ಟಿಕೆಟ್ ಕೊಳ್ಳಬೇಕೆಂದು 2022ರಲ್ಲಿ ಹಣಕಾಸು ಸಚಿವಾಲಯ ಸೂಚಿಸಿತ್ತು. ನಮ್ಮ ಕಾಲೇಜಿನಲ್ಲಿ ಅಂಥ ಕಟ್ಟು ಇರಲಿಲ್ಲ, ಆದರೆ ಕನ್ವೀನಿಯನ್ಸ್ ಫೀ ಮಂಜೂರಾತಿ ಪ್ರಾಂಶುಪಾಲರ ವಿವೇಚನೆಗೆ ಬಿಟ್ಟಿತ್ತು. ಅದಕ್ಕಾಗಿಯೇ ನಾನು ಎಲ್ಲರಿಗೂ ಹೇಳುತ್ತಿದ್ದದ್ದು: ಅದನ್ನು ಟಿಕೆಟ್ ದರದೊಳಗೆ ಹುದುಗಿಸಬೇಡಿ, ಬಿಟ್ಟೂ ಬಿಡಬೇಡಿ, ಪ್ರತ್ಯೇಕ ಸಾಲಿನಲ್ಲಿ ಬರೆಯಿರಿ. ಒಪ್ಪದಿದ್ದರೆ ಆ ಒಂದು ಸಾಲಿಗೆ ಗೆರೆ ಎಳೆಯುತ್ತಾರೆ, ಬಿಲ್ಲು ಮುಂದೆ ಹೋಗುತ್ತದೆ. ಹುದುಗಿಸಿದ್ದರೆ ಇಡೀ ಬಿಲ್ಲು ವಾಪಸ್ ಬರುತ್ತದೆ.

ವಿಮೆಯ 199 ರೂಪಾಯಿಯನ್ನು ನೋಡಿ ಆ ಅಧ್ಯಾಪಕಿಗೇ ಆಶ್ಚರ್ಯವಾಯಿತು. ತಾವು ವಿಮೆ ಕೇಳಿದ್ದ ನೆನಪೇ ಅವರಿಗೆ ಇರಲಿಲ್ಲ. ಬುಕಿಂಗ್ ಪುಟದಲ್ಲಿ ಹಣ ಕೊಡುವ ಮುನ್ನ ಬರುವ ಚೌಕಗಳನ್ನು ಅವಸರದಲ್ಲಿ ಒತ್ತಿಬಿಟ್ಟರೆ ಹೀಗಾಗುತ್ತದೆ. ಅದು ದರವೂ ಅಲ್ಲ, ತೆರಿಗೆಯೂ ಅಲ್ಲ, ಬುಕಿಂಗ್ ಶುಲ್ಕವೂ ಅಲ್ಲ. ಅದರ ಹಣ ವಿಮಾ ಕಂಪನಿಗೆ ಹೋಗುತ್ತದೆ. ನಮ್ಮ ನಿಯಮದಲ್ಲಿ ಅದಕ್ಕೆ ಅವಕಾಶವಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡದ್ದು 400 ರೂಪಾಯಿ ರಿಯಾಯಿತಿ. ಇದು ಆ್ಯಪ್ ತನ್ನ ಕೂಪನ್ ಮೇಲೆ ಕೊಟ್ಟದ್ದು. ವಿಮಾನ ಕಂಪನಿಗೆ ಅದರ ಗೊಡವೆಯಿಲ್ಲ, ಹಾಗಾಗಿ ಕಂಪನಿಯ ಇನ್‌ವಾಯ್ಸಿನಲ್ಲಿ 4,860, 243 ಮತ್ತು 686 ಸೇರಿ 5,789 ಎಂದೇ ಇರುತ್ತದೆ. ಆ ಇನ್‌ವಾಯ್ಸ್ ಒಂದನ್ನೇ ಲಗತ್ತಿಸಿ 5,789 ಕೇಳಿದರೆ ಕೈಯಿಂದ ಕೊಡದ 400 ರೂಪಾಯಿ ಕೇಳಿದಂತಾಗುತ್ತದೆ. ಕೇಳಿದವರಲ್ಲಿ ಬಹುತೇಕರಿಗೆ ಮೋಸದ ಉದ್ದೇಶ ಇರುವುದಿಲ್ಲ, ಇನ್‌ವಾಯ್ಸಿನಲ್ಲಿ ಇದ್ದದ್ದನ್ನು ಬರೆದಿರುತ್ತಾರೆ. ಆದರೆ ಆಡಿಟ್‌ನವರು ಬ್ಯಾಂಕ್ ಪಾವತಿಯ ಜೊತೆ ಹೋಲಿಸಿದಾಗ ಅದು ಹೆಚ್ಚುವರಿ ಕ್ಲೇಮು ಎಂದೇ ದಾಖಲಾಗುತ್ತದೆ. ಒಳ್ಳೆಯ ಅಧ್ಯಾಪಕರೊಬ್ಬರು ಇಂಥ ಸಣ್ಣ ಮೊತ್ತಕ್ಕೆ ವಿವರಣೆ ಬರೆದು ಕೊಡಬೇಕಾಗಿ ಬಂದದ್ದನ್ನು ನೋಡಿ ನನಗೆ ನಿಜಕ್ಕೂ ನೋವಾಗಿದೆ.

ಆದ್ದರಿಂದ ಎರಡೂ ಕಾಗದ ಬೇಕು. ಕಂಪನಿಯ ಇನ್‌ವಾಯ್ಸ್ ದರವನ್ನು ಬಿಡಿಸಿ ತೋರಿಸುತ್ತದೆ, ಆ್ಯಪಿನ ರಸೀತಿ ಎಷ್ಟು ಕೊಟ್ಟಿರಿ ಎಂಬುದನ್ನು ತೋರಿಸುತ್ತದೆ. ರಿಯಾಯಿತಿ ಟಿಕೆಟಿನ ಮೇಲೆ ಸಿಕ್ಕಿದ್ದರಿಂದ ಟಿಕೆಟಿನಲ್ಲೇ ಕಳೆದೆವು: 5,789 − 400 = 5,389. ಇದು ವಿಮಾನದ ನಿಜವಾದ ಕ್ಲೇಮು. ಕೆಳಗೆ ಬೇರೆ ಸಾಲಿನಲ್ಲಿ ಕನ್ವೀನಿಯನ್ಸ್ ಫೀ 354. ವಿಮೆಯ 199 ಕೇಳುವುದಿಲ್ಲ ಎಂದು ಒಂದು ಟಿಪ್ಪಣಿ. ಮೂರನ್ನೂ ಕೂಡಿದರೆ ಮತ್ತೆ 5,942, ಬ್ಯಾಂಕಿನಲ್ಲಿ ಕಡಿತವಾದಷ್ಟೇ.

ಖಾಸಗಿ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ನಿಮ್ಮ ಕಂಪನಿ ಜಿಎಸ್‌ಟಿ ನೋಂದಣಿ ಹೊಂದಿದ್ದು ಟಿಕೆಟಿನ ತೆರಿಗೆಯನ್ನು ತನ್ನ ಲೆಕ್ಕದಲ್ಲಿ ಹೊಂದಿಸಿಕೊಳ್ಳಬೇಕೆಂದಿದ್ದರೆ, ಬುಕಿಂಗ್ ಮಾಡುವಾಗಲೇ ಕಂಪನಿಯ ಜಿಎಸ್‌ಟಿ ಸಂಖ್ಯೆ ತುಂಬಿ. ಆಮೇಲೆ ಚಿತ್ರವನ್ನು ಎಷ್ಟು ಸ್ಪಷ್ಟವಾಗಿ ಓದಿದರೂ, ಸಂಖ್ಯೆಯಿಲ್ಲದ ಇನ್‌ವಾಯ್ಸ್‌ನಿಂದ ಆ ತೆರಿಗೆಯನ್ನು ಹೊಂದಿಸಿಕೊಳ್ಳಲಾಗದು.

ಹೀಗೆ ಬಿಡಿಸಿಟ್ಟ ಲೆಕ್ಕ ಪ್ರಯಾಣ ರದ್ದಾದಾಗಲೂ ಕೈಹಿಡಿಯುತ್ತದೆ. ಸಂಕಿರಣ ಮುಂದೂಡಿದರು, ಟಿಕೆಟ್ ವಾಪಸಾತಿ ಇಲ್ಲದ ಅಗ್ಗದ ದರದ್ದು, ಒಂದು ರೂಪಾಯಿಯೂ ಬರುವುದಿಲ್ಲ ಎಂದುಕೊಂಡು ಪೂರ್ತಿ ಮೊತ್ತವನ್ನು ಕಚೇರಿಗೆ ಕ್ಲೇಮು ಮಾಡಿದವರನ್ನು ನೋಡಿದ್ದೇನೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದ ಪ್ರಕಾರ, ಎಂಥ ಅಗ್ಗದ ಟಿಕೆಟ್ ಆಗಿದ್ದರೂ, ಪ್ರಯಾಣಿಕರು ಹೋಗದಿದ್ದರೆ ಬಳಕೆದಾರರ ಅಭಿವೃದ್ಧಿ ಶುಲ್ಕದಂಥ ನಿಲ್ದಾಣದ ಶುಲ್ಕಗಳನ್ನೂ ಶಾಸನಬದ್ಧ ತೆರಿಗೆಗಳನ್ನೂ ಕಂಪನಿ ಹಿಂದಿರುಗಿಸಬೇಕು. ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತವನ್ನು ಮೀರುವಂತಿಲ್ಲ. ನಮ್ಮ ಉದಾಹರಣೆಯಲ್ಲಿ ನಿಲ್ದಾಣದ ಬಾಬತ್ತಿನ 686 ರೂಪಾಯಿಯಾದರೂ ವಾಪಸ್ ಬರಬೇಕಾದದ್ದು. ಆ್ಯಪಿನ 354 ಮಾತ್ರ ಸಾಮಾನ್ಯವಾಗಿ ಹೋಯಿತೆಂದೇ ಲೆಕ್ಕ.

ಕೊನೆಗೆ ಬಸ್ಸಿನ ಟಿಕೆಟ್. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಖಾಸಗಿ ಎಸಿ ಸ್ಲೀಪರ್, ಆ್ಯಪಿನಲ್ಲಿ ಕೊಂಡದ್ದು. ಚಿತ್ರದಲ್ಲಿ ಎರಡೇ ಸಾಲು: ಟಿಕೆಟ್ ದರ 1,260, ಶುಲ್ಕ 23.60. ಬಸ್ಸಿನಲ್ಲಿ ನಿಲ್ದಾಣದ ಕಿಸೆ ಇಲ್ಲ, ಲೆಕ್ಕ ಹಗುರ. ಆದರೆ ಇಲ್ಲೊಂದು ಕಡೆ ಕಾಲು ಜಾರುತ್ತದೆ. ದರದ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಜಿಎಸ್‌ಟಿ ಸೇರಿದೆ ಎಂದಿತ್ತು. ಆ ಅಧ್ಯಾಪಕಿ 1,260ಕ್ಕೆ ಶೇ 5 ಹಾಕಿ 63 ರೂಪಾಯಿ ತೆರಿಗೆ ಎಂದು ಬರೆದಿದ್ದರು. ತೆರಿಗೆ ಒಳಗೇ ಇರುವಾಗ ಹಿಂದಕ್ಕೆ ಲೆಕ್ಕ ಹಾಕಬೇಕು. 1,260 ÷ 1.05 = 1,200 ಮೂಲ ದರ, ತೆರಿಗೆ 60. ಶುಲ್ಕದ 23.60ರಲ್ಲಿ 20 ಶುಲ್ಕ, 3.60 ಶೇ 18ರ ತೆರಿಗೆ.

"ಮೊನ್ನೆ ನಾನ್ ಎಸಿ ಬಸ್ಸಿಗೂ ತೆರಿಗೆ ಹಾಕಿದ್ದರಲ್ಲ ಸರ್, ಕೆಎಸ್ಆರ್‌ಟಿಸಿ ಕೆಂಪು ಬಸ್ಸಿಗೆ ಎಂದೂ ಹಾಕಿಲ್ಲ," ಎಂದರು ಅವರು. ಎರಡೂ ಸರಿ. ಸಾರಿಗೆ ಸಂಸ್ಥೆಯ ಸಾಮಾನ್ಯ ನಾನ್ ಎಸಿ ಬಸ್ಸಿಗೆ ಕೌಂಟರಿನಲ್ಲೋ ಕಂಡಕ್ಟರ್ ಹತ್ತಿರವೋ ಟಿಕೆಟ್ ಕೊಂಡರೆ ಜಿಎಸ್‌ಟಿ ಇಲ್ಲ. ಖಾಸಗಿ ಬಸ್ಸಿನ ಟಿಕೆಟನ್ನು ಬುಕಿಂಗ್ ಆ್ಯಪ್‌ಗಳ ಮೂಲಕ ಕೊಂಡರೆ 2022ರ ಜನವರಿ 1ರಿಂದ ನಾನ್ ಎಸಿಗೂ ಶೇ 5 ಇದೆ. ಹಾಗಾಗಿ ಟಿಕೆಟಿನಲ್ಲಿ ತೆರಿಗೆಯ ಸಾಲೇ ಇಲ್ಲವೆಂದರೆ ಅದು ತಪ್ಪು ಎಂದುಕೊಳ್ಳಬಾರದು, ಇಲ್ಲದ ತೆರಿಗೆಯನ್ನು ಊಹಿಸಿ ಬರೆಯಲೂ ಬಾರದು.

ಕಂಡಕ್ಟರ್ ಮೆಷಿನ್ ಒತ್ತಿ ಕೊಡುವ ಪುಟ್ಟ ಚೀಟಿಯ ಅಕ್ಷರ ಬೇಗ ಮಾಸುತ್ತದೆ. ಪರ್ಸಿನಲ್ಲಿ ತಿಂಗಳು ಇಟ್ಟರೆ ಬರೀ ಬಿಳಿ ಕಾಗದ. ಬಸ್ಸಿನಲ್ಲಿ ಕೂತ ಕೂಡಲೇ ನಾಲ್ಕೂ ಅಂಚು ಕಾಣುವಂತೆ ಹಗಲ ಬೆಳಕಿನಲ್ಲಿ ಒಂದು ಫೋಟೊ ತೆಗೆದಿಡುವುದೇ ದಾರಿ.

ಆ ಮಧ್ಯಾಹ್ನ ಹೊಸ ಫಾರಂ ತುಂಬಿದೆವು. ವಿಮಾನ: ಮೂಲ ದರ 4,260, ಇಂಧನ ಶುಲ್ಕ 600, ಜಿಎಸ್‌ಟಿ 243, ನಿಲ್ದಾಣದ ಶುಲ್ಕ 686, ಕಳೆ ರಿಯಾಯಿತಿ 400, ನಿವ್ವಳ 5,389. ಬಸ್: ಮೂಲ ದರ 1,200, ಜಿಎಸ್‌ಟಿ 60, ಒಟ್ಟು 1,260. ಕೆಳಗೆ ಬೇರೆಯಾಗಿ ಎರಡು ಬುಕಿಂಗ್ ಶುಲ್ಕಗಳು, ಸೇರಿ 377.60. ಪ್ರಾಂಶುಪಾಲರು ಆ ಕೊನೆಯ ಸಾಲಿಗೆ ಗೆರೆ ಎಳೆದು, ಉಳಿದ 6,649 ರೂಪಾಯಿಗೆ ಸಹಿ ಮಾಡಿ ಕಳಿಸಿದರು.